ಕೊನೆಯ ಇನ್‌ವಾಯ್ಸಿನ ಎರಡನೇ ಸಾಲು

ನನ್ನ ಗಂಡ ಕಟ್ಟಡಗಳ ನಕ್ಷೆ ಮಾಡುತ್ತಿದ್ದರು, ನಾನು ಅವರ ಬಿಲ್ಲು ಮಾಡುತ್ತಿದ್ದೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ ನಮ್ಮ ಆಫೀಸು. ಅವರದು ಕಿಟಕಿಯ ಪಕ್ಕದ ದೊಡ್ಡ ಮೇಜು, ನನ್ನದು ಬಾಗಿಲ ಹತ್ತಿರದ ಸಣ್ಣದು. ಬಂದವರೆಲ್ಲ ಮೊದಲು ನನ್ನನ್ನೇ ದಾಟಿ ಹೋಗಬೇಕು. ದಾಟುವಾಗ ಹಳೇ ಬಾಕಿಯವರು ತಲೆ ತಗ್ಗಿಸುತ್ತಿದ್ದರು. ನನ್ನ ನಾಲಿಗೆ ಸ್ವಲ್ಪ ಖಾರ ಎಂದು ಊರಿಗೇ ಗೊತ್ತು, ಅದನ್ನು ನಾನೂ ಅಲ್ಲಗಳೆಯುವುದಿಲ್ಲ.

ಸಲಹೆಗಾರ ಎಂಜಿನಿಯರ್ ಅಂದರೆ ಇಲ್ಲಿ ಜನ ಮೂಗು ಮುರಿಯುತ್ತಾರೆ. ಇಟ್ಟಿಗೆ ಕೊಟ್ಟವನಿಗೆ ದುಡ್ಡು ಸರಿ, ಸಿಮೆಂಟು ಕೊಟ್ಟವನಿಗೆ ಸರಿ, ಬರೀ ಮಾತು ಹೇಳಿದವನಿಗೆ ಯಾಕೆ? ಅದಕ್ಕೇ ಬಿಲ್ಲಿನಲ್ಲಿ ಏನು ಮಾಡಿದ್ದೇವೆ ಎಂಬುದು ಬಿಡಿಸಿ ಬರೆದಿರಬೇಕು ಎಂದು ಅವರ ಹಟ. ನಮ್ಮ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ. ತೆಗೆದುಕೊಂಡವರ ಹೆಸರು, ವಿಳಾಸ, ಅವರ ಸಂಖ್ಯೆ. ಆ ವರ್ಷದ ಸಾಲಿನಲ್ಲಿ ಇನ್‌ವಾಯ್ಸಿನ ಕ್ರಮಾಂಕ, ತಾರೀಖು, ಸೇವೆಯ ಸಂಕೇತ. ಆಮೇಲೆ ತೆರಿಗೆ ಹಾಕುವ ಮೌಲ್ಯ, ಅದರ ಕೆಳಗೆ ಕೇಂದ್ರದ ಒಂಬತ್ತು ಪರ್ಸೆಂಟ್ ಒಂದು ಸಾಲು, ರಾಜ್ಯದ ಒಂಬತ್ತು ಪರ್ಸೆಂಟ್ ಇನ್ನೊಂದು ಸಾಲು, ಕೊನೆಗೆ ಸಹಿ. ಇಷ್ಟು ಕಾಯ್ದೆಯದು. ವಿವರದ ಜಾಗ ಮಾತ್ರ ಅವರದು. ಬೇರೆಯವರು 'ಸಲಹಾ ಶುಲ್ಕ' ಎಂದು ಎರಡು ಪದ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇವರು ಹಿಂದೆ ನಿಂತುಕೊಂಡು, "ಬುನಾದಿದ ನಕ್ಷಾ ಅಂತ ಹಾಕು, ಛಾವಣಿದ ಲೆಕ್ಕ ಅಂತ ಬ್ಯಾರೆ ಹಾಕು" ಎಂದು ಹೇಳಿ ಹೇಳಿ ನನ್ನ ತಲೆ ತಿನ್ನುತ್ತಿದ್ದರು.

"ಇದೇನ್ ಬಿಲ್ಲೋ ಪುರಾಣಾನೋ?" ಎಂದು ನಾನು ಸಿಡುಕಿದರೆ, "ನಾಳೆ ಯಾರರ ಓದಿದ್ರ ನಾವು ಏನ್ ಮಾಡೇವಿ ಅನ್ನೂದು ಗೊತ್ತಾಗಬೇಕಲ್ಲ ಬೇ" ಎನ್ನುತ್ತಿದ್ದರು. ಯಾರು ಓದುತ್ತಾರೆ ಇವರ ಬಿಲ್ಲನ್ನು ಎಂದು ನನಗೆ ನಗು ಬರುತ್ತಿತ್ತು.

ತಪ್ಪಾದರೆ ಏನು ಮಾಡಬೇಕು ಎಂಬುದರಲ್ಲೂ ಅವರದು ಅಷ್ಟೇ ಹಟ. ನಮ್ಮ ಕಡೆ ವ್ಯಾಪಾರಸ್ಥರಿಗೆ ಒಂದು ರೂಢಿ ಇದೆ. ಬಿಲ್ಲು ತಪ್ಪಾಯಿತೋ, ಪರ್‍ ಎಂದು ಹರಿದು ಒಗೆದು ಹೊಸದು ಬರೆಸುವುದು. ಕೈಬರಹದ ಪುಸ್ತಕದ ಕಾಲದಿಂದ ಬಂದದ್ದು. ಈಗ ಕೊಟ್ಟ ಇನ್‌ವಾಯ್ಸು ತೆರಿಗೆ ಕಚೇರಿಗೆ ಕೊಡುವ ರಿಟರ್ನ್‌ನಲ್ಲಿ ಹೋಗಿ ಕೂತಿರುತ್ತದೆ, ಕಾಗದ ಹರಿದರೆ ಅದು ಅಲ್ಲಿಂದ ಏಳುವುದಿಲ್ಲ. ಹೆಚ್ಚಾಗಿ ಹಾಕಿದ್ದನ್ನು ಇಳಿಸಬೇಕೆಂದರೆ ಕ್ರೆಡಿಟ್ ನೋಟ್ ಕೊಡಬೇಕು. ಅದಕ್ಕೆ ತನ್ನದೇ ಕ್ರಮಾಂಕ, ತನ್ನದೇ ತಾರೀಖು, ಯಾವ ಇನ್‌ವಾಯ್ಸಿಗೆ ಸೇರಿದ್ದು ಎಂದು ಅದರ ಕ್ರಮಾಂಕ ತಾರೀಖು, ಎಷ್ಟು ಮೌಲ್ಯ ಇಳಿಯಿತು, ಎಷ್ಟು ತೆರಿಗೆ ಇಳಿಯಿತು. ಹಳೆಯದು ಹಾಗೇ ಉಳಿಯುತ್ತದೆ, ಪಕ್ಕದಲ್ಲಿ ಇದು ಬಂದು ನಿಲ್ಲುತ್ತದೆ.

ಒಮ್ಮೆ ಮಹಾರಾಷ್ಟ್ರದ ಒಬ್ಬರು ತಿಕೋಟಾದಲ್ಲಿ ಗೋದಾಮು ಕಟ್ಟಿಸಿದರು. ಕಂಪನಿ ಆಚೆ ರಾಜ್ಯದ್ದು ಎಂದು ನಾನು ಇಡೀ ಹದಿನೆಂಟು ಪರ್ಸೆಂಟನ್ನು ಐಜಿಎಸ್‌ಟಿ ಎಂಬ ಒಂದೇ ಸಾಲಿನಲ್ಲಿ ಹಾಕಲು ಹೊರಟಿದ್ದೆ. ಇವರು ಹಿಂದಿನಿಂದ ಕೈ ಅಡ್ಡ ಹಿಡಿದರು. "ಕಂಪನಿ ಎಲ್ಲಿದರ ಇರಲಿ, ಕಟ್ಟಡ ತಿಕೋಟಾದಾಗ ನಿಂತೈತಿ. ಕಟ್ಟಡದ ಕೆಲಸಕ್ಕ ಜಾಗಾ ಎಲ್ಲಿ ಐತಿ ಅಲ್ಲಿದ ತೆರಿಗಿ." ವಿಚಾರಿಸಿದರೆ ಅವರೇ ಸರಿ. ಆ ದಿನ ಮಧ್ಯಾಹ್ನವೆಲ್ಲ ಮೀಸೆ ತಿರುವಿಕೊಂಡು ಓಡಾಡಿದ್ದರು ಪುಣ್ಯಾತ್ಮರು.

ಬಬಲೇಶ್ವರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ನಮ್ಮ ಕೊನೆಯ ಗಿರಾಕಿ. ಕೊನೆಯವರು ಎಂದು ಆಗ ಯಾರಿಗೆ ಗೊತ್ತಿತ್ತು! ವಯಸ್ಸಾದವರು, ನಾನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ತಿಕೋಟಾದಿಂದ ಘೋಣಸಗಿಯ ಕಡೆಗೆ ಹೋಗುವ ದಾರಿಯಲ್ಲಿ ಅವರದೊಂದು ಹೊಲ. ಅಲ್ಲಿ ಒಣದ್ರಾಕ್ಷಿ ಇಡಲು ಕೋಲ್ಡ್ ಸ್ಟೋರೇಜ್ ಕಟ್ಟಬೇಕೆಂದು ಬ್ಯಾಂಕಿನ ಸಾಲ ಮಂಜೂರಾಗಿತ್ತು. ಮಾರ್ಚ್ ಮುಗಿಯುವುದರೊಳಗೆ ಎಂಜಿನಿಯರರ ಪೂರ್ತಿ ಬಿಲ್ಲು ಬೇಕು ಎಂದು ಬ್ಯಾಂಕಿನವರು ಕೂತರು. ನಕ್ಷೆಗಳು ಆಗಿದ್ದವು, ಮೇಲ್ವಿಚಾರಣೆ ಇನ್ನೂ ಮುಂದಿತ್ತು. ಕೆಲಸ ಆಗುವ ಮೊದಲೇ ಇನ್‌ವಾಯ್ಸ್ ಕೊಡಲು ಅಡ್ಡಿಯಿಲ್ಲ, ಅದರ ತೆರಿಗೆ ಮಾತ್ರ ಆಗಲೇ ಕಟ್ಟಬೇಕು ಅಷ್ಟೆ. ಕಾಕಾ ದುಡ್ಡು ಕೊಟ್ಟರು, ನಾವು ತೆರಿಗೆ ಕಟ್ಟಿದೆವು.

ಆ ಇನ್‌ವಾಯ್ಸಿನಲ್ಲಿ ಎರಡು ಸಾಲು. ಮೊದಲನೆಯದು ನಕ್ಷೆ ಮತ್ತು ಲೆಕ್ಕ. ಎರಡನೆಯದು ಮೇಲ್ವಿಚಾರಣೆ: 'ಬುನಾದಿ, ಕಾಲಂ, ಛಾವಣಿ, ಮೂರು ಹಂತ, ಸಮ ಪಾಲು.' ಸಮ ಪಾಲು ಯಾಕೆ ಬೇಕು ಎಂದು ನಾನು ಗೊಣಗಿದ್ದೆ. ಇರಲಿ ಹಾಕು ಎಂದರು. ಹಾಕಿದೆ. ಅವರು ಸಹಿ ಮಾಡಿದರು.

ಅದೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಿಕೋಟಾದಿಂದ ಬಂದ ನನ್ನ ಗಂಡ ಬೂಟು ಬಿಚ್ಚದೆ ಮನೆಯ ಕಟ್ಟೆಯ ಮೇಲೆ ಕೂತರು. "ಭಾಳ ಬಿಸಲ ಐತಿ. ಒಂದೀಟ ಮಜ್ಜಿಗಿ ಕೊಡು." ನಾನು ಮಜ್ಜಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಆಸ್ಪತ್ರೆಗೆ ಒಯ್ದೆವು. ಆಸ್ಪತ್ರೆಯವರು ನೋಡಿ, ತಲೆ ಅಲ್ಲಾಡಿಸಿ, ಕಾಗದ ಬರೆಯಲು ಕೂತರು. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಆಗುವುದಿಲ್ಲ.

ನಾನು ಅಳಲಿಲ್ಲ ಎಂದು ಬಳಗದವರು ಆಡಿಕೊಂಡರು. ಅಳು ಬರಲೇ ಇಲ್ಲ, ಏನು ಮಾಡಲಿ? ಸಿಟ್ಟು ಬರುತ್ತಿತ್ತು. ಕುಂಕುಮದ ಮಾತು ತೆಗೆದವರ ಮೇಲೆ ಸಿಟ್ಟು, ಊಟ ಮಾಡು ಎಂದವರ ಮೇಲೆ ಸಿಟ್ಟು, ಬೂಟು ಬಿಚ್ಚದೆ ಕೂತವರ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ಮಳೆಗಾಲದ ಹೊತ್ತಿಗೆ ಕಾಕಾ ಫೋನ್ ಮಾಡಿದರು. ಮೊದಲು ಸುಮ್ಮನೆ ಯೋಗಕ್ಷೇಮ ಕೇಳಿದರು. ಆಮೇಲೆ ಕೆಮ್ಮಿದರು.

"ತಂಗಿ, ತಪ್ಪ ತಿಳ್ಕೋಬ್ಯಾಡ. ಕೆಲಸ ನಿಂತಿತ್ತು, ಈಗ ಬ್ಯಾರೆ ಎಂಜಿನಿಯರ್ ಹಿಡದೇನಿ. ಅವ ಅಂತಾನ, ನಕ್ಷಾದಿಂದ ಹಿಡದು ಎಲ್ಲಾ ನನ್ನ ಹೆಸರಲೆ ಆದ್ರ ಅಷ್ಟ ನಾ ಜವಾಬ್ದಾರಿ ತಗೋತೇನಿ, ಹಿಂದಿನವರ ಕಾಗದ ನಡುವ ಇರಬಾರದು ಅಂತ. ನೀ ಹಳೇ ಬಿಲ್ ಹರದ ಒಗದಬಿಡವಾ."

"ಹರಿಯಾಕ ಬರೂದಿಲ್ಲ ಕಾಕಾ. ಅದು ರಿಟರ್ನ್‌ನಾಗ ಹೋಗೇತಿ."

"ಮತ್ತ ಅದೇನೋ ನೋಟ್ ಅಂತಾರಲ್ಲ, ಅದನ್ನರ ಪೂರಾ ಬಿಲ್ಲಿಂದು ಮಾಡಿಕೊಡು. ರೊಕ್ಕದ್ದೇನ್ ಅವಸರಿಲ್ಲ, ನಿನಗ ಆದಾಗ ಕೊಡು."

ರೊಕ್ಕದ ಮಾತು ನನಗೆ ಕೇಳಿಸಲೇ ಇಲ್ಲ. ಪೂರಾ ಬಿಲ್ಲಿನ ಕ್ರೆಡಿಟ್ ನೋಟ್ ಎಂದರೆ ಮೌಲ್ಯ ಸೊನ್ನೆ. ಅವರು ಮಾಡಿದ ಕೊನೆಯ ಕೆಲಸ ಆಗಿಲ್ಲ ಎಂದು ಅವರದೇ ಹೆಸರಿನ ಕಾಗದದಲ್ಲಿ ಬರೆದ ಹಾಗೆ. ಚಳಿಗಾಲವೆಲ್ಲ ಆ ಕಿಟಕಿಯ ಪಕ್ಕ ಬಗ್ಗಿ ಕೂತು ಗೀಚಿದ್ದನ್ನು ನಾನು ನೋಡಿದ್ದೆನಲ್ಲ! "ನೋಡೂಣು" ಎಂದು ಫೋನ್ ಇಟ್ಟೆ.

ನಮ್ಮ ರಿಟರ್ನ್ ತುಂಬುವವರ ಆಫೀಸೂ ಅದೇ ರಸ್ತೆಯಲ್ಲಿದೆ. ಅವರು ನನ್ನ ಗಂಡನ ಸ್ನೇಹಿತರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಆಗಲೇ ಮರಣ ಪ್ರಮಾಣಪತ್ರ, ವಾರಸಾ ಕಾಗದ ಎಲ್ಲ ಕೊಟ್ಟು ತೆರಿಗೆ ಕಚೇರಿಯ ಮೂಲಕ ನನ್ನನ್ನು ಅಧಿಕೃತ ಸಹಿದಾರಳೆಂದು ಸೇರಿಸಿದ್ದರು. ಸಂಸ್ಥೆ ನಮ್ಮವರೊಬ್ಬರದೇ, ಜಿಎಸ್‌ಟಿ ಸಂಖ್ಯೆ ಇವರ ಪ್ಯಾನಿನ ಮೇಲೆ ನಿಂತದ್ದು. ಮನುಷ್ಯ ಹೋದ ಮೇಲೆ ಅದರಲ್ಲಿ ವ್ಯವಹಾರ ಮುಂದುವರಿಸುವಂತಿಲ್ಲ. ಬಾಕಿ ಉಳಿದದ್ದನ್ನು ನಾನು ಸಹಿ ಮಾಡಿ ಮುಗಿಸಬೇಕು, ಆಮೇಲೆ ರದ್ದತಿಗೆ ಅರ್ಜಿ.

"ಪೂರಾ ಮಾಡಿಬಿಡ್ರಿ ವೈನಿ, ಸೀದಾ ಆಗತೈತಿ" ಎಂದರು ಅವರು. ಕಂಪ್ಯೂಟರಿನಲ್ಲಿ ಕ್ರೆಡಿಟ್ ನೋಟ್ ತೆರೆದು, ಹಳೆಯ ಇನ್‌ವಾಯ್ಸಿನ ಕ್ರಮಾಂಕ ತುಂಬಿದರು. ಕಾರಣ ಎಂಬ ಜಾಗದಲ್ಲಿ ಒತ್ತಿದರೆ ಒಂದು ಪಟ್ಟಿ ಇಳಿಯಿತು. ಸರಕು ವಾಪಸ್ಸು, ರಿಯಾಯಿತಿ, ಸೇವೆಯಲ್ಲಿ ಕೊರತೆ, ಇನ್‌ವಾಯ್ಸ್ ತಿದ್ದುಪಡಿ, ಕೊನೆಗೆ ಇತರೆ. ಅವರು ಯೋಚಿಸದೆ 'ಸೇವೆಯಲ್ಲಿ ಕೊರತೆ' ಆರಿಸಿದರು.

ನನ್ನ ಮೈ ಉರಿದುಹೋಯಿತು. "ಯಾರ ಸೇವಾದಾಗ ಕೊರತಿ? ನಿಮ್ಮ ಮನಿ ಮಾಳಗಿ ಸೋರಾಕತ್ತಾಗ ನಡುಮಳ್ಯಾಗ ಏಣಿ ಹತ್ತಿದ್ದು ಯಾರ್ರಿ ಅಣ್ಣಾರ?"

ಅವರು ಪಾಪ, ಪೆಚ್ಚಾದರು. "ಅದು ಕಾಯ್ದೇದ ಮಾತು ವೈನಿ. ಅವರಿಗೆ ನಾ ಅಂತೇನೇನು?"

"ಕಾಯ್ದೇದಾಗ ಇನ್ನೊಂದ ಮಾತೂ ಐತಿ. ಹಾಕಬೇಕಾದ್ದಕ್ಕಿಂತ ಹೆಚ್ಚ ಮೌಲ್ಯ ಹಾಕಿದ್ರ ಅಂತ. ಮಾಡಲಾರದ ಕೆಲಸದ್ದು ಅಷ್ಟ ಇಳಸ್ರಿ. ಮಾಡಿದ್ದನ್ನ ಯಾಕ ಇಳಸ್ತೀರಿ?"

ಅವರು ಮೊದಲನೇ ಸಾಲನ್ನು ಮುಟ್ಟದೆ, ಎರಡನೇ ಸಾಲಿನ ಮೇಲ್ವಿಚಾರಣೆಯ ಪೂರ್ತಿ ಮೌಲ್ಯ ಇಳಿಸಿ, ಅದರ ಕೆಳಗೆ ಒಂಬತ್ತು ಮತ್ತು ಒಂಬತ್ತು ಇಳಿಸಿ ಕರಡು ತೆಗೆದುಕೊಟ್ಟರು. ಇದರ ತೆರಿಗೆ ವಾಪಸ್ಸು ಬರಬೇಕಾದರೆ ಬೇರೆ ಅರ್ಜಿ ಹಾಕಬೇಕು, ಓಡಾಟ ಇದೆ ಎಂದರು. ನೋಟನ್ನು ರಿಟರ್ನ್‌ನಲ್ಲಿ ತೋರಿಸಲು ನವೆಂಬರ್ ಕೊನೆಯ ತನಕ ಅವಕಾಶವಿದೆ, ಆದರೂ ತಡ ಮಾಡಬೇಡಿ ಎಂದರು. ಕಾರಣದ ಜಾಗ ಖಾಲಿ ಬಿಟ್ಟಿದ್ದರು.

ಕರಡು ಕೈಚೀಲದಲ್ಲಿಟ್ಟುಕೊಂಡು ಮರುದಿನ ತಿಕೋಟಾ ಬಸ್ಸು ಹತ್ತಿದೆ. ಕಾಕಾ ಅಲ್ಲಿಗೇ ಬರುತ್ತೇನೆ ಎಂದಿದ್ದರು. ಬಸ್ಸಿನ ತುಂಬ ಮಾತು ಹೊಂದಿಸಿಕೊಳ್ಳುತ್ತ ಹೋದೆ. ಹೀಗಂದರೆ ಹಾಗನ್ನಬೇಕು, ಹಾಗಂದರೆ ಹೀಗೆ. ಪಕ್ಕದಲ್ಲಿ ಕೂತ ಅಜ್ಜಿ, "ಯಾರ ಕೂಡ ಜಗಳಾಡಾಕತ್ತೀಯವಾ?" ಎಂದು ಕೇಳಿಯೇಬಿಟ್ಟಳು. ತುಟಿ ಅಲ್ಲಾಡುತ್ತಿದ್ದವೇನೋ.

ಇಳಿದು ಆಟೋದಲ್ಲಿ ಹೊಲದ ತನಕ ಹೋದೆ. ಅಕ್ಕಪಕ್ಕ ದ್ರಾಕ್ಷಿ ಬಳ್ಳಿ, ಒಣಹಾಕುವ ಶೆಡ್ಡುಗಳು. ನಡುವೆ ಕಾಕಾನ ಜಾಗ. ಬರೀ ಗುಂಡಿ ತೋಡಿರುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ನೆಲದ ಮಟ್ಟಕ್ಕೆ ಇಡೀ ಬುನಾದಿ ಎದ್ದು ನಿಂತಿತ್ತು, ಕಾಲಂಗಳ ಕಬ್ಬಿಣ ಮೇಲೆ ಚಾಚಿಕೊಂಡಿತ್ತು. ಹೊಸ ಎಂಜಿನಿಯರ್ ಇರಲಿಲ್ಲ. ಅವನ ನಕ್ಷೆ ಒಂದು ಹಲಗೆಗೆ ಸಿಕ್ಕಿಸಿತ್ತು. ಕೆಳಗಿನ ಹೆಸರೊಂದೇ ಬೇರೆ. ಅಂಚಿನಲ್ಲಿ ಮಾಲು ಇಳಿಸುವ ಕಟ್ಟೆಯನ್ನು ಲಾರಿಯ ಎತ್ತರದ ಬದಲು ಟ್ರ್ಯಾಕ್ಟರ್ ಟ್ರಾಲಿಯ ಎತ್ತರಕ್ಕೆ ಇಳಿಸಿದ್ದು ಹಾಗೇ ಇತ್ತು. ಇಲ್ಲಿಯ ರೈತರು ಟ್ರ್ಯಾಕ್ಟರಿನಲ್ಲೇ ಮಾಲು ತರುತ್ತಾರೆ ಎಂದು ಇವರು ಮನೆಯಲ್ಲಿ ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಬೆರಳಿನಿಂದ ಗೆರೆ ಎಳೆದು ನನಗೆ ತೋರಿಸಿದ್ದರು.

"ಇದು ಅವರ ನಕ್ಷಾ ಕಾಕಾ" ಎಂದೆ. ಹೊಂದಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ, ಇಷ್ಟೇ ಬಂತು.

ಕಾಕಾ ನೆಲ ನೋಡಿದರು. "ಗೊತ್ತೈತಿ ತಂಗಿ. ನಾ ವ್ಯಾಪಾರದವ, ಕಟ್ಟಡ ಮುಗಿದ್ರ ಸಾಕ ಅಂತ ಅವನ ಮಾತಿಗೆ ಹೂಂ ಅಂದೆ."

"ನಕ್ಷಾದ್ದು ನಾ ಇಳಸೂದಿಲ್ಲ. ಮೇಲ್ವಿಚಾರಣೆದ್ದು ಪೂರಾ ಇಳಸೇನಿ, ನೋಡ್ರಿ" ಎಂದು ಕರಡು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು, ನನ್ನ ಬೆರಳಿನ ಜೊತೆ ಸಾಲು ಸಾಲಾಗಿ ಓದಿದರು.

ಅಲ್ಲಿ ಕಬ್ಬಿಣ ಕಟ್ಟುತ್ತಿದ್ದ ಗೌಂಡಿ ಎದ್ದು ಬಂದ. ನನ್ನ ಗಂಡನ ಸಂಗಡ ಬಹಳ ಕಡೆ ಕೆಲಸ ಮಾಡಿದವನು, ನನಗೂ ಗುರುತಿನವನು. "ಅಕ್ಕಾರ, ಮೇಲ್ವಿಚಾರಣೆ ಪೂರಾ ಅಂದ್ರ ಏನ್ರಿ? ಬುನಾದಿದೂ ತಗೀತೀರೇನು?"

"ಬುನಾದಿ ತುಂಬೂಕಿಂತ ಮೊದಲ ಅವರು ಹೋದ್ರಲ್ಲ" ಎಂದೆ.

"ಏ, ಯಾರ್ ಹೇಳ್ಯಾರ್ರಿ! ಬುನಾದಿ ಅವರ ಕಣ್ಣಮುಂದ ತುಂಬೇತ್ರಿ. ಆ ಕಡೀ ದಿನ ಮುಂಜಾನೆ ಬೆಳಕ ಹರಿಯೂದ್ರಾಗ ಬಂದಾರ. ಕಾಂಕ್ರೀಟ್ ಕಲಸಿದ್ದು ತೆಳು ಆಗೇತಿ ಅಂತ ಒಂದ್ ಸಲ ಚೆಲ್ಲಿಸ್ಯಾರ, ನನಗ ಬೈದಾರ. ಕಟ್ಟಕಡೀ ಬುಟ್ಟಿ ಬೀಳೂತನ ಬಿಸಲಾಗ ನಿಂತಾರ್ರಿ. ಛತ್ರಿ ತರ್ತೇನಿ ಅಂದ್ರ ಬ್ಯಾಡ ಅಂದ್ರು. ಮಜ್ಜಿಗಿ ಕುಡದ ಹೋಗ್ರಿ ಅಂದ್ರ, ಮನ್ಯಾಗ ಕುಡೀತೇನಿ, ಆಕಿ ಹಾದಿ ನೋಡತಾಳ ಅಂದ್ರು."

ಬುನಾದಿಯ ಅಂಚಿನ ಮೇಲೆ ನಾನು ಕೂತುಬಿಟ್ಟೆ. ಇಷ್ಟು ದಿನ ಅವರು ಬಿಸಿಲಲ್ಲಿ ಸುಮ್ಮನೆ ತಿರುಗಿ ಬಂದಿದ್ದರು ಎಂದೇ ನಾನು ತಿಳಿದದ್ದು. ಏನು ಮಾಡಿ ಬಂದ್ರಿ ಎಂದು ಕೇಳಲು ಅವರು ಹೊತ್ತು ಕೊಡಲಿಲ್ಲ. ಅವರ ಬೈಗುಳ ತಿಂದವನು ಬೈಗುಳವನ್ನೇ ಉಡುಗೊರೆಯ ಹಾಗೆ ಹೇಳುತ್ತಿದ್ದ. ಅವನ ಮುಂದೆ ಅಳಬಾರದು ಎಂದು ಹಲ್ಲು ಕಚ್ಚಿದೆ.

ಕಾಕಾ ಕರಡನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. "ಬುನಾದಿ ಅವರದ ಐತಿ. ಅದನ್ನ ತಗದ್ರ ನನಗ ಒಳ್ಳೇದಾಗೂದಿಲ್ಲ. ಉಳದ ಎರಡು ಹಂತದ್ದು ಅಷ್ಟ ಮಾಡು."

"ಹೊಸ ಎಂಜಿನಿಯರ್ ಒಪ್ಪಲಿಲ್ಲಂದ್ರ?"

"ಕಾಲಂನಿಂದ ಮುಂದ ಅವ ನೋಡಲಿ. ಒಪ್ಪಲಿಲ್ಲಂದ್ರ ಇನ್ನೊಬ್ಬ ಸಿಗತಾನ."

ಮರುದಿನ ಕಾಕಾ ಬಬಲೇಶ್ವರದಿಂದ ತಾವೇ ಸ್ಟೇಷನ್ ರಸ್ತೆಗೆ ಬಂದರು. ರಿಟರ್ನ್ ತುಂಬುವವರು ಮತ್ತೆ ನೋಟ್ ತೆರೆದರು. ಈಗ ತಿಳಿಯಿತು ಆ 'ಸಮ ಪಾಲು' ಯಾಕೆ ಎಂದು. ಅದು ಇಲ್ಲದಿದ್ದರೆ ಬುನಾದಿಗೆ ಎಷ್ಟು, ಛಾವಣಿಗೆ ಎಷ್ಟು ಎಂದು ಮೂವರೂ ಮುಖ ಮುಖ ನೋಡಬೇಕಿತ್ತು. ಎರಡನೇ ಸಾಲಿನ ಮೌಲ್ಯದ ಮೂರರಲ್ಲಿ ಎರಡು ಪಾಲು ಇಳಿಯಿತು, ಅಷ್ಟಕ್ಕೇ ಕೇಂದ್ರದ್ದು ಇಳಿಯಿತು, ರಾಜ್ಯದ್ದು ಇಳಿಯಿತು. ನಕ್ಷೆ ಉಳಿಯಿತು, ಬುನಾದಿ ಉಳಿಯಿತು. ನನಗೆ ಗೆದ್ದಷ್ಟು ಹುರುಪು.

"ಇನ್ನ ಕಾರಣ" ಎಂದರು ಅವರು, ನನ್ನ ಕಡೆ ಹೆದರಿಕೆಯಿಂದ ನೋಡುತ್ತ. "ಇತರೆ ಅಂತ ಹಾಕತೇನಿ ವೈನಿ. ಕೆಳಗ ವಿವರ ಬರಿಯಾಕ ಜಾಗಾ ಐತಿ. ನೀವ ಹೇಳ್ರಿ."

"ಸರೀರಿ, ನಾನ ಬರೀತೇನಿ. ಇಕಡೆ ಕೊಡ್ರಿ" ಎಂದೆ. ಇಷ್ಟು ವರ್ಷ ಅವರ ಬಿಲ್ಲು ಬರೆದವಳು ನಾನು. ಇದನ್ನು ಬೇರೆಯವರ ಕೈಯಲ್ಲಿ ಯಾಕೆ ಬರೆಸಲಿ? ಅವರು ಕುರ್ಚಿ ಬಿಟ್ಟುಕೊಟ್ಟರು.

ಕೀಲಿಮಣೆಯ ಮೇಲೆ ಕೈಯಿಟ್ಟೆ. ಏನು ಬರೆಯಬೇಕೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬಿಡಿಸಿ ಬರೆಯಬೇಕು, ಯಾರು ಓದಿದರೂ ತಿಳಿಯಬೇಕು, ಸುಳ್ಳಿರಬಾರದು. 'ಮೇಲ್ವಿಚಾರಣೆಯ ಬುನಾದಿ ಹಂತ ಪೂರ್ಣಗೊಂಡಿದೆ. ಕಾಲಂ ಮತ್ತು ಛಾವಣಿ ಹಂತಗಳಿಗೆ' ಎಂದು ಒಂದೇ ಉಸಿರಿಗೆ ಹೊಡೆದೆ. ಮುಂದೆ ಬೆರಳು ಏಳಲಿಲ್ಲ.

ಅಲ್ಲಿಯ ತನಕ ಎಲ್ಲ ಕಾಗದವನ್ನೂ ಬೇರೆಯವರು ಬರೆದಿದ್ದರು. ಆಸ್ಪತ್ರೆಯವರು ಬರೆದರು, ಪಾಲಿಕೆಯವರು ಬರೆದರು, ವಕೀಲರು ಬರೆದರು. ನಾನು ತೋರಿಸಿದಲ್ಲಿ ಸಹಿ ಹಾಕಿದ್ದೆ, ಒಂದನ್ನೂ ಓದಿರಲಿಲ್ಲ. ಈ ಒಂದು ಸಾಲಿಗಾಗಿ ಇಬ್ಬರ ಜೊತೆ ಜಗಳವಾಡಿ ತಿಕೋಟಾ ತನಕ ಹೋಗಿ ಬಂದಿದ್ದೆ, ಈಗ ಸಾಲು ನನ್ನ ಕೈಯಲ್ಲೇ ಬಂದು ನಿಂತಿತ್ತು. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

'ಸಲಹೆಗಾರರು ಈಗ ಇಲ್ಲ' ಎಂದು ಹೊಡೆದೆ.

ಕಾಗದ ಹೊರಗೆ ಬಂತು. ಮೇಲೆ ಅವರ ಹೆಸರು, ಕೆಳಗೆ ಅಧಿಕೃತ ಸಹಿದಾರರು ಎಂಬ ಜಾಗ. ಸಹಿ ಮಾಡಿ, ಪೆನ್ನು ಕೆಳಗಿಟ್ಟು, ನಾನು ಆ ಪರರ ಆಫೀಸಿನಲ್ಲಿ, ಇಬ್ಬರು ಗಂಡಸರ ಎದುರಿಗೆ, ಸೆರಗು ಬಾಯಿಗೆ ಇಟ್ಟುಕೊಳ್ಳುವ ಎಚ್ಚರವೂ ಇಲ್ಲದೆ, ಗಟ್ಟಿಯಾಗಿ ಅತ್ತುಬಿಟ್ಟೆ.